ಹೆಸರು ಹೇಳದೆ ಹೋಲಿಸುವುದು: ಒಂದು ರಾಗಿ ಮಾಲ್ಟ್ ಪೊಟ್ಟಣದ ಪ್ರಕರಣ

ಅಕ್ಕ ಕಳಿಸಿದ್ದ ಕ್ಯಾಪ್ಷನ್ ಹೀಗಿತ್ತು:

“ಕೋಲಾರದ ನಂಬರ್ 1 ರಾಗಿ ಮಾಲ್ಟ್! ಬೇರೆ ಕಂಪನಿಗಳ ಡಬ್ಬದಲ್ಲಿ ಇರೋದು ಬರೀ ಸಕ್ಕರೆ. ನಮ್ಮದರಲ್ಲಿ ಮಾತ್ರ ಅಪ್ಪಟ ಮೊಳಕೆ ರಾಗಿ. ಹಾಲಿಗಿಂತ ಮೂರು ಪಟ್ಟು ಕ್ಯಾಲ್ಸಿಯಂ! ಕೆಮಿಕಲ್ ಇಲ್ಲ. ಶುಗರ್ ಇರೋರಿಗೂ ಬೆಸ್ಟ್.”

ಜೊತೆಗೊಂದು ಫೋಟೋ. ಎಡಗಡೆ ಅವರ ಪೊಟ್ಟಣ. ಬಲಗಡೆ ಅಂಗಡಿಗಳಲ್ಲಿ ಎಲ್ಲರೂ ನೋಡಿರುವಂಥ ಒಂದು ಪ್ಲಾಸ್ಟಿಕ್ ಡಬ್ಬ. ಅದರ ಹೆಸರು ಕಾಣದ ಹಾಗೆ ಬಿಳಿ ಕಾಗದ ಅಂಟಿಸಿ, ಮೇಲೆ ದಪ್ಪಗೆ ಕೆಂಪು ಇಂಟು ಮಾರ್ಕ್ ಹಾಕಿದ್ದರು.

ಅಕ್ಕ ವೇಮಗಲ್ ಕಡೆಯವರು. ಸಂಘದ ಹೆಂಗಸರು ಕೆಲವರು ಸೇರಿ ಮೊಳಕೆ ರಾಗಿ ಮಾಲ್ಟ್ ಮಾಡುತ್ತಾರೆ. ಕೋಲಾರ ಪೇಟೆಯ ಅಂಗಡಿಗಳಿಗೆ ಸ್ವಲ್ಪ ಹೋಗುತ್ತದೆ, ಉಳಿದದ್ದು ವಾಟ್ಸಾಪ್‌ನಲ್ಲಿ ಆರ್ಡರ್ ತಗೊಂಡು ಬೆಂಗಳೂರಿಗೆ ಪಾರ್ಸೆಲ್. ನಾನು ಇಂಥ ಸಣ್ಣ ಘಟಕಗಳಿಗೆ ಪೋಸ್ಟರ್, ಕ್ಯಾಪ್ಷನ್ ಬರೆದುಕೊಡುತ್ತೇನೆ. ಇದು ಬೇಡ ಎಂದಾಗ ಅಕ್ಕ ಕೇಳಿದ ಪ್ರಶ್ನೆ ಸಹಜವಾದದ್ದೇ: “ಯಾರ ಹೆಸರೂ ಹಾಕಿಲ್ಲವಲ್ಲ, ಇನ್ನೇನು ತೊಂದರೆ?”

ಹೆಸರು ಹಾಕಲಿಲ್ಲ ಅಂದರೆ ಯಾರೂ ಕೇಳುವಂತಿಲ್ಲ ಎಂಬ ನಂಬಿಕೆ ಈ ಕೆಲಸದಲ್ಲಿ ತುಂಬಾ ಗಟ್ಟಿ. ಅದು ತಪ್ಪು ಎಂದು ಕೋರ್ಟೇ ಹೇಳಿದೆ. 2004ರಲ್ಲಿ ದೆಹಲಿ ಹೈಕೋರ್ಟ್‌ಗೆ ಡಾಬರ್ ಮತ್ತು ಕೋಲ್ಗೇಟ್ ನಡುವಿನ ಒಂದು ಪ್ರಕರಣ ಬಂದಿತ್ತು. ಕೋಲ್ಗೇಟ್‌ನ ಹಲ್ಲಿನ ಪುಡಿಯ ಟಿವಿ ಜಾಹೀರಾತಿನಲ್ಲಿ ಕೆಂಪು ಹಲ್ಲಿನ ಪುಡಿ ಹಲ್ಲಿಗೆ ಕೆಟ್ಟದ್ದು ಎಂದು ತೋರಿಸಿದ್ದರು. ಯಾವ ಕಂಪನಿಯ ಹೆಸರೂ ಅದರಲ್ಲಿ ಇರಲಿಲ್ಲ. ಆದರೆ ಕೆಂಪು ಹಲ್ಲಿನ ಪುಡಿ ಮಾರುವವರಲ್ಲಿ ಡಾಬರ್ ದೊಡ್ಡ ಹೆಸರು. ಒಂದು ಬಗೆಯ ಪದಾರ್ಥವನ್ನೇ ಒಟ್ಟಾಗಿ ಹೀಗಳೆದರೆ ಆ ಬಗೆಯದನ್ನು ಮಾರುವ ಪ್ರತಿಯೊಬ್ಬರನ್ನೂ ಹೀಗಳೆದ ಹಾಗೇ ಎಂದು ಕೋರ್ಟ್ ಜಾಹೀರಾತನ್ನು ತಡೆಯಿತು.

ಅಕ್ಕನ ಫೋಟೋ ಅದಕ್ಕಿಂತ ಒಂದು ಹೆಜ್ಜೆ ಮುಂದೆ ಹೋಗಿತ್ತು. ಡಬ್ಬದ ಆಕಾರ, ಮುಚ್ಚಳದ ಬಣ್ಣ, ಕೆಳಗಿನ ಪಟ್ಟಿ ಎಲ್ಲವೂ ಹಾಗೇ ಇದ್ದವು. ಮುಚ್ಚಿದ್ದು ನಾಲ್ಕು ಅಕ್ಷರ ಮಾತ್ರ. ಅವರ ಮನೆಯ ಚಿಕ್ಕ ಹುಡುಗಿಗೆ ತೋರಿಸಿ “ಇದು ಯಾವುದಮ್ಮಾ?” ಅಂದರೆ ಥಟ್ಟನೆ ಹೆಸರು ಹೇಳಿತು. ಈ ಪರೀಕ್ಷೆ ಚೆನ್ನಾಗಿ ಕೆಲಸ ಮಾಡುತ್ತದೆ. ವಿಷಯ ಗೊತ್ತಿಲ್ಲದವರೊಬ್ಬರಿಗೆ ಫೋಟೋ ತೋರಿಸಿ. ಅವರು ಹೆಸರು ಹೇಳಿದರೆ ನೀವು ಹೆಸರು ಹಾಕಿದಂತೆಯೇ ಲೆಕ್ಕ. ಹ್ಯಾಷ್‌ಟ್ಯಾಗ್‌ನಲ್ಲಿ ಎದುರಾಳಿಯ ಬ್ರ್ಯಾಂಡ್ ಹಾಕುವುದು, ಅವರ ಜಾಹೀರಾತಿನ ಪ್ರಸಿದ್ಧ ಸಾಲನ್ನು ಸ್ವಲ್ಪ ತಿರುಚಿ ಬಳಸುವುದು ಕೂಡ ಇದೇ ಸಾಲಿಗೆ ಸೇರುತ್ತವೆ. ಡಬ್ಬದ ಫೋಟೋವನ್ನು ಅಲ್ಲಿಗೇ ಕೈಬಿಟ್ಟೆವು.

ಹೋಲಿಕೆಯೇ ತಪ್ಪು ಅಂತಲ್ಲ. ನಮ್ಮದು ಚೆನ್ನಾಗಿದೆ ಅನ್ನಬಹುದು. ಇಂಥ ವಿಷಯದಲ್ಲಿ ನಮ್ಮದಕ್ಕೂ ಅವರದಕ್ಕೂ ಈ ವ್ಯತ್ಯಾಸ ಇದೆ ಅಂತಲೂ ಅನ್ನಬಹುದು. ಉದ್ಯಮದವರೇ ಕಟ್ಟಿಕೊಂಡಿರುವ ಜಾಹೀರಾತು ಮಂಡಳಿ ಎಎಸ್‌ಸಿಐನ ನಿಯಮಾವಳಿಯಲ್ಲಿ ಇದಕ್ಕೆ ಜಾಗವಿದೆ. ಯಾವ ಅಂಶವನ್ನು ಹೋಲಿಸುತ್ತಿದ್ದೇವೆ ಎಂಬುದು ಸ್ಪಷ್ಟವಾಗಿರಬೇಕು. ನಮಗೆ ಅನುಕೂಲ ಆಗುವ ಹಾಗೆ ಅಳತೆಯನ್ನು ಆರಿಸಿಕೊಂಡಿರಬಾರದು. ಹೇಳಿದ್ದನ್ನು ರುಜುವಾತು ಮಾಡಲು ಆಗಬೇಕು. ಎದುರಿನವರನ್ನು ಹೀಗಳೆಯಬಾರದು. ತಿಂಡಿ ಪದಾರ್ಥಕ್ಕೆ ಇನ್ನೂ ಒಂದು ಕಟ್ಟುಪಾಡು ಇದೆ. ಆಹಾರ ಸುರಕ್ಷತಾ ಪ್ರಾಧಿಕಾರದ 2018ರ ಜಾಹೀರಾತು ನಿಯಮಗಳು, ನಮ್ಮದನ್ನು ಮಾರುವುದಕ್ಕಾಗಿ ಬೇರೆ ತಯಾರಕರ ಪದಾರ್ಥವನ್ನು ಕೀಳು ಮಾಡಬಾರದು ಎನ್ನುತ್ತವೆ. ಇನ್ನು 2019ರ ಗ್ರಾಹಕ ಸಂರಕ್ಷಣಾ ಕಾಯ್ದೆಯ ಪ್ರಕಾರ ದಾರಿ ತಪ್ಪಿಸುವ ಜಾಹೀರಾತಿಗೆ ಮೊದಲ ಸಲ 10 ಲಕ್ಷ ರೂಪಾಯಿವರೆಗೆ ದಂಡ ಹಾಕಬಹುದು. ಅಕ್ಕನ ಘಟಕದ ಮೇಲೆ ನಾಳೆಯೇ ಯಾರೋ ಬಂದು ಬೀಳುತ್ತಾರೆ ಅಂತೇನಲ್ಲ. ದೊಡ್ಡ ಕಂಪನಿಯ ವಕೀಲರಿಂದ ಒಂದು ನೋಟಿಸ್ ಬಂದರೂ ಸಾಕು, ಅದಕ್ಕೆ ಉತ್ತರ ಬರೆಸುವ ಖರ್ಚೇ ಸಂಘದ ಲಾಭವನ್ನು ನುಂಗಿಬಿಡುತ್ತದೆ.

ಮೊದಲು ಹಳೆಯ ಕ್ಯಾಪ್ಷನ್ನಿನ ಒಂದೊಂದೇ ಮಾತನ್ನು ನೋಡೋಣ.

“ನಂಬರ್ 1” ಬೇಗ ಬಿತ್ತು. ಯಾವುದರಲ್ಲಿ ಒಂದು? ಮಾರಾಟದಲ್ಲಾದರೆ ಕೋಲಾರದಲ್ಲಿ ಎಲ್ಲರ ಮಾರಾಟದ ಅಂಕಿ ಬೇಕು, ಅದು ಯಾರ ಹತ್ತಿರವೂ ಇಲ್ಲ. “ಬಾಯಲ್ಲಿ ನೀರೂರಿಸುವ ಮಾಲ್ಟ್” ಅಂದರೆ ಯಾರೂ ಲೆಕ್ಕ ಕೇಳುವುದಿಲ್ಲ. ಅದು ಹೊಗಳಿಕೆ ಅಂತ ಎಲ್ಲರಿಗೂ ಗೊತ್ತು. ನಂಬರ್ ಹಾಕಿದ ಕ್ಷಣ ಅದು ಅಳತೆಯ ಮಾತಾಗುತ್ತದೆ.

“ಶುಗರ್ ಇರೋರಿಗೂ ಬೆಸ್ಟ್” ಎಂಬುದರ ಬಗ್ಗೆ ನಾನು ಚರ್ಚೆಗೇ ಕೂರಲಿಲ್ಲ. ಸಕ್ಕರೆ ಕಾಯಿಲೆಗೆ ಮದ್ದು ಎಂಬಂತೆ ಜಾಹೀರಾತು ಕೊಡುವುದನ್ನು 1954ರ ಔಷಧ ಮತ್ತು ಮಾಂತ್ರಿಕ ಪರಿಹಾರಗಳ ಕಾಯ್ದೆ ತಡೆಯುತ್ತದೆ. ನಮ್ಮ ಮಾತು ಅಷ್ಟು ದೂರ ಹೋಗಿಲ್ಲ ಎಂದು ವಾದ ಮಾಡಬಹುದು. ಆದರೆ ಮೊಳಕೆ ಬರಿಸಿದಾಗ ರಾಗಿಯಲ್ಲಿ ಏನಾಗುತ್ತದೆ ಎಂದು ನೋಡಿ. ಮೊಳಕೆಯಲ್ಲಿ ಹುಟ್ಟುವ ಕಿಣ್ವಗಳು ಹಿಟ್ಟಿನಂಶವನ್ನು ಒಡೆದು ಸಕ್ಕರೆ ಮಾಡುತ್ತವೆ. ಮೊಳಕೆ ರಾಗಿ ಗಂಜಿ ಸ್ವಲ್ಪ ಸಿಹಿಯಾಗಿ, ತೆಳ್ಳಗೆ ಬರುವುದು ಇದೇ ಕಾರಣಕ್ಕೆ. ಶುಗರ್ ಇರುವವರು ಮುದ್ದೆ ಉಂಡಾಗ ಆಗುವುದಕ್ಕೂ ಈ ಗಂಜಿ ಕುಡಿದಾಗ ಆಗುವುದಕ್ಕೂ ವ್ಯತ್ಯಾಸ ಇರಬಹುದು. ಕ್ಯಾಪ್ಷನ್ ಬರೆಯುವವನು ಕೈ ಹಾಕುವ ವಿಷಯ ಅದಲ್ಲ.

“ಕೆಮಿಕಲ್ ಇಲ್ಲ” ಎಂಬುದಕ್ಕೆ ಅರ್ಥವೇ ಇಲ್ಲ. ಕೆಡದಂತೆ ಇಡುವ ಪುಡಿ ಹಾಕಿಲ್ಲ ಎಂದು ಅಕ್ಕ ಹೇಳಲು ಹೊರಟದ್ದು ನಿಜ. ಚೆನ್ನಾಗಿ ಒಣಗಿದ ಹಿಟ್ಟಿಗೆ ಅದನ್ನು ಹಾಕುವ ಅಗತ್ಯ ಸಾಮಾನ್ಯವಾಗಿ ಇರುವುದಿಲ್ಲ. ಯಾರೂ ಹಾಕದ್ದನ್ನು ನಾವು ಮಾತ್ರ ಹಾಕಿಲ್ಲ ಎಂಬಂತೆ ಬರೆದರೆ ಅದೂ ದಾರಿ ತಪ್ಪಿಸಿದ ಹಾಗೇ.

ನಾನು ಹೆಚ್ಚು ಹೊತ್ತು ನಿಂತದ್ದು “ಹಾಲಿಗಿಂತ ಮೂರು ಪಟ್ಟು ಕ್ಯಾಲ್ಸಿಯಂ” ಎಂಬಲ್ಲಿ. ಏಕೆಂದರೆ ಇದು ಸುಳ್ಳಲ್ಲ, ಆದರೂ ನಿಲ್ಲುವುದಿಲ್ಲ. ಹೈದರಾಬಾದಿನ ರಾಷ್ಟ್ರೀಯ ಪೋಷಣಾ ಸಂಸ್ಥೆಯ 2017ರ ಪಟ್ಟಿಯಲ್ಲಿ 100 ಗ್ರಾಂ ರಾಗಿಗೆ 364 ಮಿಲಿಗ್ರಾಂ ಕ್ಯಾಲ್ಸಿಯಂ ಎಂದಿದೆ. ಹಸುವಿನ ಹಾಲಿನಲ್ಲಿ 100 ಗ್ರಾಂಗೆ ಸುಮಾರು 120. ಮೂರು ಪಟ್ಟು ಸರಿಯಾಗಿಯೇ ಬಂತು, ಅಲ್ವಾ? ಆದರೆ ಒಂದು ಕಡೆ ಒಣ ಹಿಟ್ಟು, ಇನ್ನೊಂದು ಕಡೆ ಬಹುಪಾಲು ನೀರಿರುವ ಹಾಲು. ಯಾರೂ 100 ಗ್ರಾಂ ಹಿಟ್ಟನ್ನು ಒಂದೇ ಲೋಟಕ್ಕೆ ಹಾಕಿ ಕುಡಿಯುವುದಿಲ್ಲ. ಅಕ್ಕನ ಪೊಟ್ಟಣದ ಹಿಂದೆ ಬರೆದಿರುವ ಅಳತೆ ಒಂದು ಲೋಟಕ್ಕೆ 25 ಗ್ರಾಂ. ಅದರಲ್ಲಿ ರಾಗಿ ಹಿಟ್ಟು 20 ಗ್ರಾಂ. ಅಂದರೆ ರಾಗಿಯಿಂದ ಸುಮಾರು 73 ಮಿಲಿಗ್ರಾಂ. 200 ಎಂಎಲ್ ಲೋಟ ಹಾಲಿನಲ್ಲಿ ಸುಮಾರು 240. ಹೀಗೆ ಲೋಟದ ಲೆಕ್ಕಕ್ಕೆ ಬಂದಾಗ ಮೂರು ಪಟ್ಟು ಹೋಗಿ ಮೂರನೇ ಒಂದು ಭಾಗವೂ ಉಳಿಯಲಿಲ್ಲ. ಜಾಹೀರಾತು ಮಂಡಳಿ ಬೇಡ ಎನ್ನುವ ‘ಅನುಕೂಲಕ್ಕೆ ಆರಿಸಿಕೊಂಡ ಅಳತೆ’ಗೆ ಇದಕ್ಕಿಂತ ಒಳ್ಳೆ ಉದಾಹರಣೆ ಸಿಗುವುದು ಕಷ್ಟ. ಅದಲ್ಲದೆ 364 ಎಂಬುದು ಪುಸ್ತಕದ ರಾಗಿಯದು. ತಳಿ, ಮಣ್ಣು ಬದಲಾದರೆ ಅಂಕಿ ಬದಲಾಗುತ್ತದೆ. ಅಕ್ಕನ ಪೊಟ್ಟಣದಲ್ಲಿ ಎಷ್ಟಿದೆ ಎಂದು ಹೇಳಬೇಕಾದರೆ ಅದೇ ಪುಡಿಯನ್ನು ಲ್ಯಾಬಿಗೆ ಕೊಡಬೇಕು. ಇನ್ನೊಂದು ಮಾತು, ಅಕ್ಕ ತಮ್ಮ ಮಾಲ್ಟನ್ನು ಹಾಲಿನಲ್ಲೇ ಕಾಯಿಸಿ ಕೊಡುತ್ತಾರೆ! ಜೊತೆಗೆ ಕುಡಿಯುವ ಹಾಲನ್ನೇ ಎದುರಾಳಿ ಮಾಡಿಕೊಳ್ಳುವುದು ಯಾವ ವ್ಯಾಪಾರ?

ಉಳಿದದ್ದು ಎರಡು ಮಾತು: “ಬೇರೆಯವರಲ್ಲಿ ಬರೀ ಸಕ್ಕರೆ”, “ನಮ್ಮದರಲ್ಲಿ ಮಾತ್ರ ರಾಗಿ”. ನಿಜವಾದ ಹೋಲಿಕೆ ಇರುವುದು ಇಲ್ಲಿ. ಅಕ್ಕನ ಸಿಟ್ಟು ಹುಟ್ಟಿದ್ದೂ ಇಲ್ಲೇ. ಆದರೆ ‘ಬರೀ’, ‘ಮಾತ್ರ’, ‘ಎಲ್ಲಾ’, ‘ಯಾರೂ’ ಎಂಬ ಪದಗಳು ಬಂದ ಕಡೆ ಒಂದು ಸಣ್ಣ ವಾಕ್ಯ ಇಡೀ ಮಾರುಕಟ್ಟೆಯ ಜವಾಬ್ದಾರಿ ಹೊತ್ತುಕೊಳ್ಳುತ್ತದೆ. ಅದನ್ನು ಸುಳ್ಳು ಮಾಡಲು ಒಂದೇ ಒಂದು ಪೊಟ್ಟಣ ಸಾಕು.

ಆ ಪೊಟ್ಟಣ ಸಿಕ್ಕಿಯೂಬಿಟ್ಟಿತು. ಕ್ಲಾಕ್ ಟವರ್ ಹತ್ತಿರದ ಅಂಗಡಿಗಳಲ್ಲಿ ರಾಗಿ ಮಾಲ್ಟ್ ಅಂತ ಮಾರುವ ಬೇರೆ ಬೇರೆ ಪೊಟ್ಟಣಗಳನ್ನು ಬಿಲ್ ಸಮೇತ ತಂದು ಅಕ್ಕನ ಮನೆಯ ಪಡಸಾಲೆಯಲ್ಲಿ ಸಾಲಾಗಿ ಬೋರಲು ಹಾಕಿದೆವು. ಮುಂಭಾಗದ ಚಿತ್ರ ಯಾರಿಗೂ ಕಾಣಬಾರದು, ಹಿಂಭಾಗ ಮಾತ್ರ ಓದಬೇಕು ಅಂತ.

ಪೊಟ್ಟಣದ ಹಿಂಭಾಗ ಓದುವುದಕ್ಕೆ ಒಂದು ಕ್ರಮ ಇದೆ. ಪದಾರ್ಥಗಳ ಪಟ್ಟಿಯನ್ನು ತಯಾರಿಸುವಾಗಿನ ತೂಕದ ಪ್ರಕಾರ, ಜಾಸ್ತಿ ಇರುವುದರಿಂದ ಕಡಿಮೆ ಇರುವುದರ ಕಡೆಗೆ ಬರೆಯಬೇಕು ಎಂಬುದು ನಿಯಮ. ಹಾಗಾಗಿ ಮೊದಲ ಹೆಸರೇ ಅತಿ ಹೆಚ್ಚು ತೂಕದ್ದು. ಮುಂದೆ ದೊಡ್ಡದಾಗಿ ರಾಗಿ ತೆನೆ ಹಾಕಿ ಹಿಂದೆ ಮೊದಲು ಸಕ್ಕರೆ ಬಂದರೆ ಒಳಗೆ ರಾಗಿಗಿಂತ ಸಕ್ಕರೆ ಜಾಸ್ತಿ ಅಂತಲೇ ಅರ್ಥ. ಯಾವುದನ್ನು ಹೆಸರಿನಲ್ಲೋ ಚಿತ್ರದಲ್ಲೋ ಎತ್ತಿ ತೋರಿಸುತ್ತಾರೋ ಅದರ ಶೇಕಡಾವಾರು ಬರೆಯಬೇಕು ಎಂಬ ನಿಯಮವೂ ಇದೆ. ಆದರೆ ಮೊದಲ ಹೆಸರನ್ನು ಮಾತ್ರ ನೋಡಿ ನಂಬುವ ಹಾಗೂ ಇಲ್ಲ. ಸಿಹಿಯನ್ನು ಸಕ್ಕರೆ, ಬೆಲ್ಲದ ಪುಡಿ, ಗ್ಲೂಕೋಸ್ ಎಂದು ಮೂರು ಹೆಸರಿನಲ್ಲಿ ಒಡೆದರೆ ಒಂದೊಂದರ ತೂಕವೂ ಇಳಿದು ರಾಗಿ ಮೇಲೆ ಬಂದುಬಿಡುತ್ತದೆ. ಆಗ ಪೋಷಕಾಂಶಗಳ ಪಟ್ಟಿಯಲ್ಲಿ ‘ಆಡೆಡ್ ಶುಗರ್ಸ್’ ಎಂಬ ಸಾಲನ್ನು ನೋಡಬೇಕು. ಹೊರಗಿನಿಂದ ಸೇರಿಸಿದ ಸಕ್ಕರೆ 100 ಗ್ರಾಂಗೆ ಎಷ್ಟು ಎಂದು ಅಲ್ಲಿರುತ್ತದೆ.

ಅಕ್ಕನ ಅನುಮಾನ ಪೂರ್ತಿ ಸುಳ್ಳೇನಲ್ಲ. ಕೆಲವದರಲ್ಲಿ ಸಕ್ಕರೆಯೇ ಮೊದಲು. ಕೆಲವದರಲ್ಲಿ ರಾಗಿ ಮೊದಲು, ಬೆಲ್ಲ ಎರಡನೆಯದು. ಆದರೆ ಒಂದು ಸಾದಾ ಪೊಟ್ಟಣ, ಚಿತ್ರವೂ ಸರಿಯಾಗಿ ಅಚ್ಚಾಗಿಲ್ಲ, ಅದರ ಹಿಂದೆ ಇದ್ದದ್ದು ಒಂದೇ ಪದಾರ್ಥ: ಮೊಳಕೆ ರಾಗಿ, 100%. ಅಕ್ಕನದರಲ್ಲಿ ರಾಗಿ 80. ‘ನಮ್ಮದರಲ್ಲಿ ಮಾತ್ರ’ ಸತ್ತಿತು. ಅದನ್ನು ‘ಎಲ್ಲರಿಗಿಂತ ಹೆಚ್ಚು ರಾಗಿ’ ಎಂದು ಬದಲಾಯಿಸೋಣ ಎಂಬ ಯೋಚನೆಯೂ ನಮಗಿತ್ತು, ಅದೂ ಸತ್ತಿತು. ಅಕ್ಕ ಆ ಪೊಟ್ಟಣವನ್ನು ಸ್ವಲ್ಪ ಹೊತ್ತು ತಿರುಗಿಸಿ ಮುರುಗಿಸಿ ನೋಡಿ, “ಇವರ್ಯಾರೋ ಪಾಪ, ಕೆಲಸ ಕಲಿತವರು” ಅಂದರು.

ಹಾಗಾದರೆ ಅಕ್ಕನ ಮಾಲ್ಟ್ ನಿಜವಾಗಿ ಎಲ್ಲಿ ಬೇರೆ? ಅದಕ್ಕೆ ಅವರ ಕೆಲಸವನ್ನೇ ನೋಡಬೇಕಾಯಿತು. ರಾಗಿಯನ್ನು ರಾತ್ರಿಯೆಲ್ಲ ನೆನೆಸಿ, ಬಸಿದು, ಒದ್ದೆ ಬಟ್ಟೆಯಲ್ಲಿ ಗಂಟು ಕಟ್ಟಿ ಮೊಳಕೆ ಬರಿಸುತ್ತಾರೆ. ಒಣಗಿಸಿ, ಕೈಯಲ್ಲಿ ಉಜ್ಜಿ ಮೊಳಕೆಯ ಎಳೆಗಳನ್ನು ಕೇರಿ ತೆಗೆದು, ಸಣ್ಣ ಉರಿಯಲ್ಲಿ ಹುರಿದು ಮಿಲ್ಲಿಗೆ ಹಾಕಿಸುತ್ತಾರೆ. ಒಂದು ಸಲಕ್ಕೆ 25 ಕಿಲೋ ಮಿಶ್ರಣ: ಮೊಳಕೆ ರಾಗಿ ಹಿಟ್ಟು 20 ಕಿಲೋ, ಹುರಿಗಡಲೆ 3.75 ಕಿಲೋ, ಬಾದಾಮಿ 1 ಕಿಲೋ, ಏಲಕ್ಕಿ ಕಾಲು ಕಿಲೋ. ಶೇಕಡಾ ಲೆಕ್ಕದಲ್ಲಿ 80, 15, 4, 1. ಸಕ್ಕರೆ ಇಲ್ಲ, ಬೆಲ್ಲ ಇಲ್ಲ.

ಅಕ್ಕ ಇದನ್ನು ಹೇಳುತ್ತಿರುವಾಗಲೇ ಕಪಾಟಿನಲ್ಲಿ ಒಂದು ಸ್ಟೀಲ್ ಡಬ್ಬ ಕಂಡಿತು. ಒಳಗೆ ಕಂದು ಬಣ್ಣದ ಪುಡಿ. ಏನಕ್ಕಾ ಇದು ಅಂದರೆ, “ಖರ್ಜೂರದ ಪುಡಿ. ರುಚಿಗೆ ಒಂದೆರಡು ಹಿಡಿ ಹಾಕ್ತೀವಿ, ಅದೇನು ಸಕ್ಕರೆ ಅಲ್ಲವಲ್ಲ.” ಪೊಟ್ಟಣದ ಪಟ್ಟಿಯಲ್ಲಿ ಖರ್ಜೂರ ಇರಲಿಲ್ಲ. ಇದು ಸಣ್ಣ ವಿಷಯ ಅಲ್ಲ. ಪಟ್ಟಿಯಲ್ಲಿ ಇಲ್ಲದ ಪದಾರ್ಥ ಒಳಗೆ ಇರುವುದೇ ಮೊದಲ ತಪ್ಪು. ಎರಡನೆಯದು, ‘ಸಕ್ಕರೆ ಸೇರಿಸಿಲ್ಲ’ ಅನ್ನಬೇಕಾದರೆ ಸಕ್ಕರೆಯ ಜಾಗದಲ್ಲಿ ಸಿಹಿ ಕೊಡಲೆಂದು ಬೇರೆ ಏನನ್ನೂ ಹಾಕಿರಬಾರದು. ಬೆಲ್ಲ, ಜೇನು, ಸಿಹಿಗಾಗಿ ಹಾಕಿದ ಖರ್ಜೂರ ಎಲ್ಲವೂ ಆ ಮಾತನ್ನು ಕೆಡಿಸುತ್ತವೆ. ಕ್ಯಾಪ್ಷನ್ ಬರೆಯುವ ಮೊದಲು ಅಡುಗೆಮನೆ ನೋಡಬೇಕು ಎಂದು ನಾನು ಹಟ ಹಿಡಿಯುವುದು ಇದಕ್ಕೇ. ಹೇಳಿದ ಪಟ್ಟಿಯಲ್ಲಿ ಬಾರದ್ದು ಕಪಾಟಿನಲ್ಲಿ ಇರುತ್ತದೆ. ಸಂಘದವರು ಸೇರಿ ಖರ್ಜೂರ ಹಾಕದೆ ಒಂದು ಸಣ್ಣ ಪಾತ್ರೆ ಕಾಯಿಸಿ ಕುಡಿದು ನೋಡಿದರು. ಏಲಕ್ಕಿ ಇರುವುದರಿಂದ ಅಷ್ಟೇನೂ ವ್ಯತ್ಯಾಸ ಕಾಣಲಿಲ್ಲ. ಖರ್ಜೂರ ಬಿಟ್ಟರು. ಅದು ಬಿದ್ದಿದ್ದ ಹಳೆಯ ಪುಡಿಯೆಲ್ಲ ಮುಗಿದು, ಹೊಸ ಮಿಶ್ರಣ ಪೊಟ್ಟಣಕ್ಕೆ ಬರುವವರೆಗೆ ಪೋಸ್ಟ್ ಹಾಕುವುದು ಬೇಡ ಎಂದು ತಡೆದೆ.

ಈಗ ಹೋಲಿಸಲು ಒಂದು ಗಟ್ಟಿ ಅಂಶ ಸಿಕ್ಕಿತು: ಸಿಹಿ. ಇದರಲ್ಲಿ ಯಾರನ್ನೂ ಹೀಗಳೆಯದೆ ಹೇಳಬಹುದಾದ ಒಂದು ಸತ್ಯ ಇದೆ. ಸಿಹಿ ಬೆರೆಸಿದ ಪುಡಿಯಿಂದ ಸಿಹಿಯನ್ನು ತೆಗೆಯಲು ಆಗುವುದಿಲ್ಲ. ಬೆರೆಸದ ಪುಡಿಗೆ ಬೇಕಾದವರು ಬೇಕಾದಷ್ಟು ಹಾಕಿಕೊಳ್ಳಬಹುದು. ಇದಕ್ಕೆ ಲ್ಯಾಬ್ ವರದಿ ಬೇಡ, ಸರ್ವೆ ಬೇಡ. ಸಿಹಿ ಬೆರೆಸಿ ಮಾರುವವರು ಕೂಡ ಇದು ಸುಳ್ಳು ಅನ್ನಲಾರರು. ಬೆರೆಸಿರುವುದು ಕೆಟ್ಟದ್ದು ಎಂದು ನಾವು ಹೇಳುತ್ತಲೂ ಇಲ್ಲ. ಎಷ್ಟೋ ಮನೆಗಳಲ್ಲಿ ಬೆಳಿಗ್ಗೆ ಅವಸರಕ್ಕೆ ಬೆರೆಸಿದ್ದೇ ಅನುಕೂಲ.

ಇನ್ನೊಂದು ಅಂಶ, ಹೋಲಿಸುವ ಕೆಲಸವನ್ನು ನಾವು ಮಾಡುವ ಬದಲು ಓದುವವರ ಕೈಗೆ ಕೊಡುವುದು. ನಮ್ಮ ಪಟ್ಟಿಯನ್ನು ಪೂರ್ತಿ ಬಿಚ್ಚಿಟ್ಟು, ನಿಮ್ಮ ಮನೆಯ ಪೊಟ್ಟಣದ ಪಟ್ಟಿಯನ್ನೂ ಓದಿ ಎಂದರೆ ಎದುರಾಳಿ ಯಾರು ಎಂಬುದು ಮನೆಯಿಂದ ಮನೆಗೆ ಬದಲಾಗುತ್ತದೆ. ನಾವು ಯಾರನ್ನೂ ಬೊಟ್ಟು ಮಾಡಲಿಲ್ಲ. ರುಜುವಾತು ಮಾಡಬೇಕಾದದ್ದೂ ನಮ್ಮ ನಾಲ್ಕು ಅಂಕಿಗಳನ್ನು ಮಾತ್ರ. ಅವುಗಳಿಗೆ ಅಕ್ಕನ ತೂಕದ ಪುಸ್ತಕ ಇದೆ.

ಹಲವು ಸಲ ತಿದ್ದಿದ ಮೇಲೆ ನಿಂತದ್ದು ಇದು:

“ಈ ಪೊಟ್ಟಣದಲ್ಲಿ ಇರುವುದು ನಾಲ್ಕೇ ಪದಾರ್ಥ. ಮೊಳಕೆ ರಾಗಿ ಹಿಟ್ಟು 80%, ಹುರಿಗಡಲೆ 15%, ಬಾದಾಮಿ 4%, ಏಲಕ್ಕಿ 1%. ಸಕ್ಕರೆ, ಬೆಲ್ಲ ಸೇರಿಸಿಲ್ಲ. ಬೆರೆಸಿದ ಸಿಹಿ ತೆಗೆಯೋಕಾಗಲ್ಲ. ಬೆರೆಸದಿದ್ದರೆ ನಿಮ್ಮ ಲೋಟಕ್ಕೆ ಎಷ್ಟು ಬೇಕೋ ನೀವೇ ಹಾಕ್ಕೋಬಹುದು. ಯಾವ ಮಾಲ್ಟ್ ತಗೊಂಡರೂ ಪೊಟ್ಟಣ ತಿರುಗಿಸಿ ‘ಇಂಗ್ರೀಡಿಯೆಂಟ್ಸ್’ ಸಾಲು ಒಮ್ಮೆ ಓದಿ. ಜಾಸ್ತಿ ಇರೋದರ ಹೆಸರು ಮೊದಲು ಬರೆದಿರುತ್ತಾರೆ.”

ಫೋಟೋದಲ್ಲಿ ಅಕ್ಕನ ಪೊಟ್ಟಣದ ಹಿಂಭಾಗ ಮಾತ್ರ. ಪಟ್ಟಿ ಓದಲು ಬರುವಷ್ಟು ಹತ್ತಿರದಿಂದ ತೆಗೆದದ್ದು. ಪಕ್ಕದಲ್ಲಿ ಒಂದು ಸ್ಟೀಲ್ ಲೋಟ, ಒಂದು ಚಮಚ ಬೆಲ್ಲ.

ಕೆಲವು ಪದಗಳನ್ನು ಯಾಕೆ ಹಾಗೆ ಇಟ್ಟೆ ಎಂದು ಹೇಳಬೇಕು. “ಸಕ್ಕರೆ ಇಲ್ಲ” ಅನ್ನದೆ “ಸೇರಿಸಿಲ್ಲ” ಎಂದದ್ದು ಬೇಕೆಂದೇ. ಮೊಳಕೆ ರಾಗಿಯಲ್ಲಿ ತಾನಾಗಿ ಹುಟ್ಟಿದ ಸಕ್ಕರೆ ಇದ್ದೇ ಇರುತ್ತದೆ ಎಂದು ಮೇಲೆ ಹೇಳಿದೆ. ‘ಇಲ್ಲ’ ಅಂದರೆ ಸುಳ್ಳು, ‘ಸೇರಿಸಿಲ್ಲ’ ಅಂದರೆ ನಿಜ. “ಇಂಗ್ರೀಡಿಯೆಂಟ್ಸ್” ಎಂದು ಇಂಗ್ಲಿಷ್ ಪದವನ್ನೇ ಉಳಿಸಿದ್ದು, ಬಹಳಷ್ಟು ಪೊಟ್ಟಣಗಳ ಹಿಂದೆ ಕನ್ನಡ ಇರುವುದಿಲ್ಲ ಎಂಬ ಕಾರಣಕ್ಕೆ. ‘ಪದಾರ್ಥಗಳು’ ಎಂದು ಬರೆದರೆ ಓದುವವರು ಅದನ್ನು ಹುಡುಕಿ ಸುಸ್ತಾಗುತ್ತಾರೆ. ಇನ್ನು “ಯಾವ ಮಾಲ್ಟ್ ತಗೊಂಡರೂ”. ಮೊದಲು ಅಲ್ಲಿ “ನೀವು ಈಗ ಕುಡಿಯುತ್ತಿರುವುದರಲ್ಲಿ ಮೊದಲ ಹೆಸರು ಯಾವುದು, ನೋಡಿದ್ದೀರಾ?” ಎಂಬ ಪ್ರಶ್ನೆ ಇತ್ತು. ಅಕ್ಕನಿಗೆ ಅದು ತುಂಬಾ ಹಿಡಿಸಿತ್ತು. ನನಗೆ ಅದರ ಧಾಟಿ ಸರಿ ಕಾಣಲಿಲ್ಲ. ಪ್ರಶ್ನೆ ರೂಪದಲ್ಲಿದ್ದರೂ ಉತ್ತರ ಇಂಥದ್ದೇ ಎಂದು ಕಣ್ಣು ಮಿಟುಕಿಸುವ ಹಾಗಿತ್ತು. ಕ್ಯಾಪ್ಷನ್ ಒಟ್ಟಾರೆ ಯಾವ ಅಭಿಪ್ರಾಯ ಮೂಡಿಸುತ್ತದೆ ಎಂಬುದೂ ಲೆಕ್ಕಕ್ಕೆ ಬರುತ್ತದೆ, ಬರೀ ಪದಗಳಲ್ಲ. ‘ಯಾವ ಮಾಲ್ಟ್ ತಗೊಂಡರೂ’ ಅಂದಾಗ ನಮ್ಮದೂ ಅದರಲ್ಲಿ ಸೇರಿತು.

ಅಕ್ಕ ಒಂದು ಒಳ್ಳೆ ಪ್ರಶ್ನೆ ಕೇಳಿದರು. “ಅದೇ ನೂರಕ್ಕೆ ನೂರು ರಾಗಿಯ ಪೊಟ್ಟಣ ಇಟ್ಟುಕೊಂಡವರು ನಮ್ಮ ಮಾತು ಕೇಳಿ ತಿರುಗಿಸಿ ನೋಡಿದರೆ?” ನೋಡಲಿ. ಅವರು ಅದನ್ನೇ ಕೊಳ್ಳುತ್ತಾರೆ, ಅವರು ನಮ್ಮ ಗಿರಾಕಿ ಅಲ್ಲ. ಸಾದಾ ಹಿಟ್ಟು ತಂದು ಮನೆಯಲ್ಲೇ ಬಾದಾಮಿ, ಏಲಕ್ಕಿ ಕುಟ್ಟಿ ಹಾಕುವ ವ್ಯವಧಾನ ಇರುವವರಿಗೆ ಅಕ್ಕನ ಮಿಶ್ರಣ ಬೇಕಿಲ್ಲ. ಹೀಗೆ ಬರೆದ ಹೋಲಿಕೆ ನಮ್ಮ ವಿರುದ್ಧವೂ ಕೆಲಸ ಮಾಡಬಲ್ಲದು. ಅದನ್ನು ಒಪ್ಪಿಕೊಳ್ಳದವರು ಈ ದಾರಿ ಹಿಡಿಯಬಾರದು.

ಈ ದಾರಿ ಎಲ್ಲಕ್ಕೂ ಆಗುವುದಿಲ್ಲ ಎಂಬುದನ್ನೂ ಹೇಳಬೇಕು. ವ್ಯತ್ಯಾಸ ಪೊಟ್ಟಣದ ಹಿಂದೆ ಅಚ್ಚಾಗಿದ್ದರೆ ಮಾತ್ರ ಓದುವವರು ಪರೀಕ್ಷಿಸಬಲ್ಲರು. ಸಣ್ಣ ಉರಿಯಲ್ಲಿ ಹುರಿದದ್ದು, ಕೈಯಲ್ಲಿ ಕೇರಿದ್ದು, ಘಮ, ಇವೆಲ್ಲ ಯಾರ ಪಟ್ಟಿಯಲ್ಲೂ ಇರುವುದಿಲ್ಲ. ಅವನ್ನು ಹೋಲಿಸದೆ ನಮ್ಮ ಕೆಲಸವಾಗಿ ಮಾತ್ರ ಹೇಳಬೇಕು: “ನಾವು ಹೀಗೆ ಮಾಡುತ್ತೇವೆ” ಅಂತ. ಅಕ್ಕನಿಗೆ ಅದಕ್ಕೆ ಬೇರೆಯೇ ಒಂದು ಪೋಸ್ಟ್ ಮಾಡಿದೆವು, ಒದ್ದೆ ಬಟ್ಟೆಯ ಗಂಟು ಬಿಚ್ಚುವ ವಿಡಿಯೋ. ಬೆಲೆಯ ಹೋಲಿಕೆ ಬೇಕು ಎಂಬ ಮಾತೂ ಬಂತು. ಎದುರಿನವರ ಬೆಲೆ ಇವತ್ತು ಒಂದು, ಹಬ್ಬದ ಆಫರ್‌ನಲ್ಲಿ ಇನ್ನೊಂದು. ಪೋಸ್ಟ್ ಮಾತ್ರ ಹಾಗೇ ಉಳಿದಿರುತ್ತದೆ. ಕೈಬಿಟ್ಟೆವು.

ಪೋಸ್ಟ್ ಹೋದ ಮೇಲೆ ವಾಟ್ಸಾಪ್‌ನಲ್ಲಿ ಬಂದ ಮೊದಲ ವಿಚಾರಣೆಗಳಲ್ಲೇ ಒಂದು: “ಮೇಡಂ, ನೀವು ಹೇಳ್ತಿರೋದು ಆ ಹಸಿರು ಡಬ್ಬದವರ ಬಗ್ಗೆನೇ ತಾನೇ?” ಇಲ್ಲಿ ಎಡವುವವರು ತುಂಬಾ ಜನ. ಕ್ಯಾಪ್ಷನ್ನಲ್ಲಿ ಬಾಯಿ ಕಟ್ಟಿಕೊಂಡವರು ಮೆಸೇಜಿನಲ್ಲಿ “ಹೌದು ಸಾರ್, ಅದೇ” ಎಂದು ಬರೆದುಬಿಡುತ್ತಾರೆ. ಅದರ ಸ್ಕ್ರೀನ್‌ಶಾಟ್ ಎಲ್ಲಿಗೆ ಬೇಕಾದರೂ ಹೋಗುತ್ತದೆ. ಅಕ್ಕನಿಗೆ ಉತ್ತರವನ್ನು ಮೊದಲೇ ಬರೆದುಕೊಟ್ಟಿದ್ದೆ: “ಯಾರ ಬಗ್ಗೆಯೂ ಅಲ್ಲ ಸಾರ್. ನಮ್ಮದರಲ್ಲಿ ಏನಿದೆ ಅಂತ ಹೇಳಿದ್ದೀವಿ. ನಿಮ್ಮ ಹತ್ತಿರ ಇರೋದರ ಹಿಂದೆ ಏನಿದೆ ನೋಡಿ, ಆಮೇಲೆ ತೀರ್ಮಾನ ಮಾಡಿ.” ಅದನ್ನೇ ಕಳಿಸಿದರು. ಆ ಕಡೆಯವರು ಅರ್ಧ ಕಿಲೋ ತರಿಸಿಕೊಂಡರು.

ಕಡತ ಅಂತ ಅಕ್ಕ ಇಟ್ಟಿರುವುದು ಒಂದು ನೋಟ್‌ಪುಸ್ತಕ. ಪ್ರತಿ ಮಿಶ್ರಣದ ತಾರೀಖು, ನಾಲ್ಕು ತೂಕ, ತೂಗಿದವರ ಸಹಿ, ಬ್ಯಾಚ್ ನಂಬರ್. ತಕ್ಕಡಿಯ ಅಂಕಿ ಕಾಣುವ ಹಾಗೆ ಫೋನಿನಲ್ಲಿ ಒಂದು ಫೋಟೋ. ಅಂಗಡಿಯಿಂದ ತಂದ ಪೊಟ್ಟಣಗಳ ಹಿಂಭಾಗದ ಫೋಟೋ ಮತ್ತು ಬಿಲ್ ನನ್ನ ಹತ್ತಿರ ಇವೆ. ಕ್ಯಾಪ್ಷನ್‌ಗೆ ಅವು ಬೇಕಾಗಿಲ್ಲ, ಆದರೂ ಇರಲಿ.

ಈ ಪುಸ್ತಕದ ಉಪಯೋಗ ಬಾದಾಮಿ ಬೆಲೆ ಏರಿದಾಗ ಗೊತ್ತಾಯಿತು. ಸಂಘದಲ್ಲಿ ಒಬ್ಬರು ಬಾದಾಮಿಯನ್ನು ಅರ್ಧ ಕಿಲೋಗೆ ಇಳಿಸಿ ಅಷ್ಟೇ ಹುರಿಗಡಲೆ ಜಾಸ್ತಿ ಮಾಡೋಣ ಅಂದರು. ರುಚಿಯಲ್ಲಿ ಯಾರಿಗೂ ಗೊತ್ತಾಗುತ್ತಿರಲಿಲ್ಲ. ಆದರೆ ಆಗ ಬಾದಾಮಿ 2%, ಹುರಿಗಡಲೆ 17%. ಪೊಟ್ಟಣದಲ್ಲೂ ಪೋಸ್ಟ್‌ನಲ್ಲೂ ಇರುವುದು 4 ಮತ್ತು 15. ಎದುರಾಳಿಯ ಬಗ್ಗೆ ಒಂದಕ್ಷರ ಬರೆಯದೆಯೂ ಹೋಲಿಕೆ ಸುಳ್ಳಾಗುವುದು ಹೀಗೆ, ಒಳಗಿನಿಂದ. ಬೆಲೆಯನ್ನು ಸ್ವಲ್ಪ ಏರಿಸಿ ಅಳತೆಯನ್ನು ಹಾಗೇ ಉಳಿಸಿಕೊಂಡರು.

ಈಗ ಅಕ್ಕ ಮಕ್ಕಳಿಗೆಂದು ಬೆಲ್ಲ ಹಾಕಿದ ಇನ್ನೊಂದು ಪೊಟ್ಟಣ ತರುತ್ತಿದ್ದಾರೆ. ಹಳೆಯ ಕ್ಯಾಪ್ಷನ್ “ನಮ್ಮ ಮಾಲ್ಟ್‌ನಲ್ಲಿ ಸಕ್ಕರೆ, ಬೆಲ್ಲ ಸೇರಿಸಿಲ್ಲ” ಎಂದಿದ್ದರೆ ಅವತ್ತಿನಿಂದ ಅದು ಸುಳ್ಳಾಗುತ್ತಿತ್ತು. “ಈ ಪೊಟ್ಟಣದಲ್ಲಿ” ಎಂದು ಶುರುವಾಗಿರುವುದರಿಂದ, ಅದೇ ಫೋಟೋ ಜೊತೆಗಿರುವವರೆಗೆ, ಉಳಿದುಕೊಂಡಿದೆ. ಹೊಸದಕ್ಕೆ ಸಿಹಿಯ ಹೋಲಿಕೆ ಬಳಸುವಂತಿಲ್ಲ. ಅದರ ಪಟ್ಟಿಯಲ್ಲಿ ರಾಗಿ ಮೊದಲು, ಬೆಲ್ಲ ಎರಡನೆಯದು. ಎಷ್ಟು ಶೇಕಡಾ ಎಂಬುದನ್ನು ಅಕ್ಕ ಇನ್ನೂ ತೂಗಿ ಹೇಳಬೇಕು, ಆಮೇಲೆ ನಾನು ಬರೆಯುವುದು.